40 ಜನ, ಎರಡು ಪರಿಸ್ಥಿತಿ: ಯಾವುದು ಮೊದಲು?

"ಹಾಡು ಹಾಕಿಕೊಂಡು ಓದಿದರೆ ನೆನಪು ಉಳಿಯುತ್ತದೋ ಇಲ್ಲವೋ ಪರೀಕ್ಷಿಸಬೇಕು. ಉಡುಪಿಯ ನಮ್ಮ ಕಾಲೇಜಿನಲ್ಲಿ 40 ಜನ ಸಿಗುತ್ತಾರೆ. ಎಲ್ಲರಿಂದಲೂ ಎರಡೂ ಮಾಡಿಸಲೋ, 20-20 ಭಾಗ ಮಾಡಲೋ?"

ಇಲ್ಲಿ ಎಲ್ಲರಿಂದಲೂ ಹಾಡಿನಲ್ಲಿ ಒಮ್ಮೆ, ಮೌನದಲ್ಲಿ ಒಮ್ಮೆ, ಎರಡೂ ಮಾಡಿಸಿ. ಇದೇ ವಿದಿನ್-ಸಬ್ಜೆಕ್ಟ್ಸ್ ವಿನ್ಯಾಸ. 20 ಪದ ತೋರಿಸಿದರೆ ಒಬ್ಬಳಿಗೆ 6 ನೆನಪಿರುತ್ತದೆ, ಪಕ್ಕದವಳಿಗೆ 14. ಈ ಅಂತರದ ಎದುರು ಹಾಡಿನ ಪರಿಣಾಮ ಬಹಳ ಚಿಕ್ಕದು. ಒಬ್ಬರನ್ನು ಅವರ ಜೊತೆಗೇ ಹೋಲಿಸಿದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಆದರೆ ಎರಡನೇ ಸಲ ಬರೆಯುವಾಗ ಕೈ ಪಳಗಿರುತ್ತದೆ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ: ಮೌನದಲ್ಲಿ 10 ಪದ, ಹಾಡಿನಲ್ಲಿ 8, ಅಭ್ಯಾಸದಿಂದ 1 ಹೆಚ್ಚು. ಎಲ್ಲರಿಗೂ ಮೌನವೇ ಮೊದಲಾದರೆ 10 ಮತ್ತು 9 ಬರುತ್ತದೆ. ನಿಜವಾದ 2ರ ವ್ಯತ್ಯಾಸ 1ಕ್ಕೆ ಇಳಿಯಿತು. ಅರ್ಧ ಜನರಿಗೆ ಹಾಡು ಮೊದಲು ಕೊಡಿ. ಅವರದು ಹಾಡಿಗೆ 8, ಮೌನಕ್ಕೆ 11. ಎರಡೂ ಗುಂಪು ಸೇರಿಸಿ ಸರಾಸರಿ ತೆಗೆದರೆ ಮೌನ 10.5, ಹಾಡು 8.5. ವ್ಯತ್ಯಾಸ 2 ವಾಪಸು ಬಂತು. ಕೌಂಟರ್‌ಬ್ಯಾಲೆನ್ಸಿಂಗ್ ಅಂದರೆ ಇಷ್ಟೇ. ಕ್ರಮದ ಪರಿಣಾಮ ಮಾಯವಾಗಲಿಲ್ಲ, ಎರಡೂ ಕಡೆಗೆ ಸಮನಾಗಿ ಹಂಚಿಹೋಯಿತು.

ಹಲವರು ಮರೆಯುವ ಮಾತೊಂದಿದೆ. ಅದೇ ಪದಗಳನ್ನು ಎರಡು ಸಲ ತೋರಿಸುವಂತಿಲ್ಲ, ಹಾಗಾಗಿ ಎರಡು ಪಟ್ಟಿ ಬೇಕು. ಒಂದರಲ್ಲಿ ಕೊಡೆ, ದೋಣಿ, ಬುಟ್ಟಿ. ಇನ್ನೊಂದರಲ್ಲಿ ನ್ಯಾಯ, ಸಹನೆ ಇದ್ದರೆ ಮೊದಲನೆಯದೇ ಸುಲಭ. ಪಟ್ಟಿಗಳು ಸಮನಾಗಿವೆ ಅನ್ನಿಸಿದರೂ ಅವನ್ನೂ ಅದಲುಬದಲು ಮಾಡಿ: ಎರಡು ಕ್ರಮ, ಎರಡು ಪಟ್ಟಿ, ಒಟ್ಟು ನಾಲ್ಕು ಗುಂಪು, ತಲಾ 10 ಜನ. ಪ್ರತಿ ಪದಕ್ಕೆ 2 ಸೆಕೆಂಡು. ಪಟ್ಟಿ ಮುಗಿದ ಮೇಲೆ ಅರ್ಧ ನಿಮಿಷ 300ರಿಂದ ಮೂರು ಮೂರು ಕಳೆಯುತ್ತಾ ಹೋಗಲಿ. ಇಲ್ಲದಿದ್ದರೆ ಕೊನೆಯ ಪದಗಳು ಬಾಯಲ್ಲೇ ಉಳಿದಿರುತ್ತವೆ. ಆಮೇಲೆ ಬರೆಯಲಿ.

ಈ ಲೆಕ್ಕ ಕೈಕೊಡುವ ಜಾಗವೂ ಇದೆ. ಹಾಡಿನ ಬದಲು "ಸುಮ್ಮನೆ ಬಾಯಿಪಾಠ" ಮತ್ತು "ಪದಗಳನ್ನು ಕತೆಯಾಗಿ ಹೆಣೆಯುವುದು" ಹೋಲಿಸುತ್ತೀರಿ ಅನ್ನಿ. ಬಾಯಿಪಾಠ ಮೊದಲಾದವರಿಗೆ 8, ಆಮೇಲೆ ಕತೆಗೆ 12. ಕತೆ ಮೊದಲು ಕಲಿತವರಿಗೆ 12, ಆಮೇಲೆ ಬಾಯಿಪಾಠಕ್ಕೆ 11, ಏಕೆಂದರೆ ಅವರು ಒಳಗೊಳಗೇ ಕತೆ ಕಟ್ಟುತ್ತಾರೆ. ಬೇಡವೆಂದರೂ ನಿಲ್ಲದು. ಸರಾಸರಿಯ ವ್ಯತ್ಯಾಸ 2.5, ನಿಜದ್ದು 4. ಒಂದು ಕಡೆಗೆ ಮಾತ್ರ ಅಂಟುವ ಪರಿಣಾಮವನ್ನು ಕ್ರಮ ಬದಲಿಸಿ ಸರಿದೂಗಿಸಲಾಗದು. ಪತ್ತೆ ಹಚ್ಚಲು ಎಲ್ಲರ ಮೊದಲ ಸುತ್ತಿನ ಅಂಕ ಮಾತ್ರ ತೆಗೆದು ಹೋಲಿಸಿ. ಅಲ್ಲಿನ ವ್ಯತ್ಯಾಸ ಒಟ್ಟು ಸರಾಸರಿಯ ವ್ಯತ್ಯಾಸದಿಂದ ಬಹಳ ದೂರವಿದ್ದರೆ ಅನುಮಾನಪಡಿ.

ಅಂಥ ಪ್ರಯೋಗಕ್ಕೆ 20-20ರ ಬಿಟ್ವೀನ್-ಸಬ್ಜೆಕ್ಟ್ಸ್ ವಿನ್ಯಾಸವೇ ಸರಿ, ಸಣ್ಣ ವ್ಯತ್ಯಾಸ ಕೈತಪ್ಪಿದರೂ ಅಡ್ಡಿಯಿಲ್ಲ. ಗುಂಪು ಮಾತ್ರ ಚೀಟಿ ಎತ್ತಿಯೇ ಮಾಡಿ. ಬೇಗ ಬಂದ 20 ಮಂದಿಯನ್ನು ಒಂದು ಕಡೆ ಕೂರಿಸಿದರೆ ಹಾಸ್ಟೆಲಿನವರೆಲ್ಲ ಅಲ್ಲಿ, ಕುಂದಾಪುರದಿಂದ ಬಸ್ಸಲ್ಲಿ ನಿಂತು ಬಂದು ದಣಿದವರೆಲ್ಲ ಇಲ್ಲಿ ಸೇರುತ್ತಾರೆ.