ಕಾಕಾನ ಮಗ ತಮ್ಮ, ಅತ್ತೆಯ ಮಗಳು ಮಾತ್ರ ಯಾಕೆ ತಂಗಿ ಅಲ್ಲ?

"ಕಾಕಾನ ಮಕ್ಕಳು ಅಣ್ಣ-ತಮ್ಮ ಆಗ್ತಾರೆ, ಅತ್ತೆ ಮಕ್ಕಳು ಯಾಕೆ ಆಗಲ್ಲ? ಮಗು ಕೇಳಿದ್ರೆ ಏನಂತ ಹೇಳೋದು?"

ನಾನು ಒಂದು ಕಥೆ ಹೇಳುತ್ತೇನೆ. ಮಕ್ಕಳಿಗಾಗಿ ನಾನೇ ಕಟ್ಟಿದ ಕಥೆ. ಸುಮ್ನೆ ನಿಯಮ ಹೇಳಿದರೆ ಮಕ್ಕಳು ಮರೆಯುತ್ತಾರೆ, ಕಾಯಿ ಜೋಡಿಸಿ ತೋರಿಸಿದರೆ ಮರೆಯುವುದಿಲ್ಲ.

ಆಳಂದದ ಕಡೆಯ ಒಂದು ಹೊಲ. ಎಳ್ಳ ಅಮಾವಾಸ್ಯೆ. ಚರಗ ಚೆಲ್ಲಿ ಆಗಿದೆ. ಸಜ್ಜೆ ರೊಟ್ಟಿ, ಭಜ್ಜಿ ಉಂಡು ದೊಡ್ಡವರೆಲ್ಲ ಬೇವಿನ ಮರದ ನೆರಳಿನಲ್ಲಿ ಅಡ್ಡಾಗಿದ್ದಾರೆ. ಬಸು ಬಂದು ಆಯಿಯ ಮುಂದೆ ಕೂತ.

"ಆಯಿ, ಮಲ್ಲು ನನಗ ತಮ್ಮ ಅಂತಿ. ಗೌರಿ ತಂಗಿ ಅಲ್ಲ ಅಂತಿ. ಇಬ್ಬರೂ ನಿನ್ನ ಮೊಮ್ಮಕ್ಕಳೇ ಅಲ್ಲೇನು?"

ಆಯಿ ಅವನನ್ನು ಹೊಲಕ್ಕೆ ಕಳಿಸಿ ಒಂದು ಹಿಡಿ ತೊಗರಿ ಕಾಯಿ, ಒಂದು ಹಿಡಿ ಹಸಿ ಕಡಲೆ ಕಾಯಿ ತರಿಸಿದಳು. ಕಂಬಳಿ ಮೇಲೆ ಇಟ್ಟು ಹೇಳಿದಳು: "ತೊಗರಿ ಗಂಡು. ಕಡಲಿ ಹೆಣ್ಣು. ನನ್ನ ಹೊಟ್ಟ್ಯಾಗ ಹುಟ್ಟಿದವರು ನಾಕು ಮಂದಿ." ಮೊದಲು ಒಂದು ಕಡಲೆ ಇಟ್ಟಳು, ಅದು ಹಿರಿಯ ಮಗಳು, ಬಸುವಿನ ಅತ್ತೆ. ಅದರ ಪಕ್ಕ ಮೂರು ತೊಗರಿ. ಬಸುವಿನ ಅಪ್ಪ, ಕಾಕಾ, ಸಣ್ಣ ಕಾಕಾ.

"ಈಗ ನೀನು ಯಾರ ಮಗ? ಈ ತೊಗರಿದು. ಮಲ್ಲು? ಈ ತೊಗರಿದು. ತೊಗರಿ-ತೊಗರಿ ಒಂದೇ. ಅದಕ್ಕ ನೀವು ಅಣ್ಣ-ತಮ್ಮ. ಗೌರಿ ಯಾರ ಮಗಳು? ಕಡಲಿದು. ತೊಗರಿ-ಕಡಲಿ ಬ್ಯಾರೆ ಬ್ಯಾರೆ. ಅದಕ್ಕ ಆಕಿ ನಿನಗ ನಾದಿನಿ. ನಿನಕಿಂತ ದೊಡ್ಡಾಕಿ ಇದ್ದಿದ್ರ ಅತ್ತಿಗಿ ಅಂತಿದ್ದಿ."

ಇಷ್ಟೇ ನಿಯಮ. ನಿಮ್ಮಿಬ್ಬರ ಮೇಲಿನ ತಲೆಮಾರಿಗೆ ಹೋಗಿ. ಅಲ್ಲಿ ಒಡಹುಟ್ಟಿದ ಜೋಡಿ ಯಾವುದು ನೋಡಿ. ಇಬ್ಬರೂ ಗಂಡು, ಅಥವಾ ಇಬ್ಬರೂ ಹೆಣ್ಣು ಆದರೆ ಮಕ್ಕಳು ಅಣ್ಣ-ತಮ್ಮ, ಅಕ್ಕ-ತಂಗಿ. ಒಂದು ಗಂಡು, ಒಂದು ಹೆಣ್ಣು ಆದರೆ ಭಾವ, ಮೈದುನ, ಅತ್ತಿಗೆ, ನಾದಿನಿ. ಬಸು ತಕ್ಷಣ ಅವ್ವನ ಕಡೆ ಹೋದ. ಅವ್ವ ಕಡಲೆ, ಚಿಗವ್ವ ಕಡಲೆ, ಹಾಗಾಗಿ ಚಿಗವ್ವನ ಮಕ್ಕಳು ಅಣ್ಣ-ತಮ್ಮ. ಅವ್ವ ಕಡಲೆ, ಸೋದರಮಾವ ತೊಗರಿ, ಹಾಗಾಗಿ ಮಾವನ ಮಕ್ಕಳು ಭಾವ-ಮೈದುನ. ತಾನೇ ಜೋಡಿಸಿ ತಾನೇ ಹೇಳಿದ. ಮಗುವಿಗೆ ಅರ್ಥವಾಗಿದೆಯೋ ಇಲ್ಲವೋ ಇಲ್ಲಿ ಗೊತ್ತಾಗುತ್ತದೆ. ಅವ್ವನ ಕಡೆಯದನ್ನು ನೀವು ಹೇಳಿಕೊಡದೆ ಅದೇ ಹೇಳಬೇಕು.

ಮದುವೆಯಾಗಿ ಬಂದವರ ಲೆಕ್ಕವೂ ಇದರೊಳಗೇ ಕೂಡುತ್ತದೆ. ಆಯಿ ಕಾಕಾನ ತೊಗರಿಗೆ ಒಂದು ಕಡಲೆ ಜೋಡಿಸಿದಳು. ಕಾಕು. ಆಕೆ ಬಸುವಿಗೆ ಅವ್ವನ ತಂಗಿ ಇದ್ದ ಹಾಗೆ. ಅತ್ತೆಯ ಕಡಲೆಗೆ ಒಂದು ತೊಗರಿ ಜೋಡಿಸಿದಳು. ಅತ್ತೆಯ ಗಂಡ ಮಾವ, ಅವ್ವನ ಅಣ್ಣ-ತಮ್ಮಂದಿರ ಹಾಗೆ. ಸೋದರಮಾವನ ಹೆಂಡತಿಯೂ ಅತ್ತೆಯೇ, ಅಪ್ಪನ ಅಕ್ಕ-ತಂಗಿಯರ ಹಾಗೆ. ಹೊರಗಿನಿಂದ ಬಂದವರಿಗೆ ಹೊಸ ಜಾಗ ಹುಡುಕಬೇಕಿಲ್ಲ. ನನಗೆ ಈ ವ್ಯವಸ್ಥೆಯಲ್ಲಿ ಬಹಳ ಇಷ್ಟವಾಗುವುದು ಇದೇ. ಮದುವೆಯಾಗಿ ಬಂದ ಮರುದಿನವೇ ಆಕೆ ಯಾರದೋ ಅವ್ವನ ತಂಗಿ, ಯಾರದೋ ಅಪ್ಪನ ಅಕ್ಕ ಆಗಿಬಿಡುತ್ತಾಳೆ. ಇದರಲ್ಲಿ ದೊಡ್ಡವರು ತಮ್ಮತಮ್ಮಲ್ಲಿ ನೆಗೆಣ್ಣಿ, ಷಡ್ಡಕ, ಬೀಗರು ಎಂದು ಕರೆದುಕೊಳ್ಳುವುದು ಮಗುವಿಗೆ ಆಮೇಲೆ ಸಾಕು.

ಅಷ್ಟರಲ್ಲಿ ಪಕ್ಕದ ಹೊಲದಿಂದ ಒಬ್ಬ ಹೆಣ್ಣುಮಗಳು ಕಡುಬು ತಂದಳು. ಬಸು ಆಕೆಯನ್ನು ನೋಡಿರಲಿಲ್ಲ. "ಏನಂತ ಕರೀಲಿ?" ಅಂತ ಮೆಲ್ಲಗೆ ಕೇಳಿದ.

"ಆಕಿ ನಿಮ್ಮಪ್ಪನ ಸೋದರತ್ತಿ ಮಗಳು. ಇಷ್ಟು ದೂರದವರಿಗೆ ಕಾಯಿ ಜೋಡಿಸಬ್ಯಾಡ. ಆಕಿ ನಿಮ್ಮಪ್ಪಗ ಏನಂತಾಳ ಕೇಳು."

"ಭಾವ ಅಂತಾಳ."

"ನಿಮ್ಮಪ್ಪಗ ಭಾವ ಅನ್ನಾಕಿ ನಿನಗ ಅವ್ವನ ಸಾಲಿನಾಕಿ. ಚಿಗವ್ವ ಅನ್ನು."

ದೂರದ ಸಂಬಂಧಕ್ಕೆ ಇದು ಸುಲಭದ ದಾರಿ. ನೇರವಾಗಿ ಹುಡುಕಬೇಡಿ. ಅಪ್ಪನೋ ಅವ್ವನೋ ಅವರಿಗೆ ಏನಾಗುತ್ತಾರೆ ಎಂದು ತಿಳಿದುಕೊಂಡು ಒಂದು ಮೆಟ್ಟಿಲು ಕೆಳಗೆ ಇಳಿಯಿರಿ. ಅಪ್ಪ ಯಾರನ್ನು ತಮ್ಮ ಎನ್ನುತ್ತಾನೋ ಅವನು ನಿಮಗೆ ಕಾಕಾ, ಎಷ್ಟೇ ದೂರದವನಿರಲಿ. ಅವನ ಮಕ್ಕಳು ನಿಮ್ಮ ಅಣ್ಣ-ತಮ್ಮಂದಿರು.

ಇನ್ನು ಈ ನಿಯಮ ತೊಡಕಾಗುವ ಜಾಗ. ನಮ್ಮ ಕಡೆ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ಬಹಳ ಮನೆಗಳಲ್ಲಿ ನಡೆದಿದೆ. ಆಯಿಯ ಮನೆಯಲ್ಲೂ ಅಷ್ಟೇ. ಸಣ್ಣ ಕಾಕಾ ಮದುವೆಯಾಗಿದ್ದು ಅತ್ತೆಯ ಹಿರಿಯ ಮಗಳನ್ನು. ಗೌರಿ ಆಕೆಯ ತಂಗಿ. ಬಸು ಕಂಬಳಿ ಮೇಲಿನ ಕಾಯಿಗಳನ್ನು ಸ್ವಲ್ಪ ಹೊತ್ತು ನೋಡಿ ಕೇಳಿದ: "ಆಯಿ, ಗೌರಿ ಸಣ್ಣ ಕಾಕುನ ತಂಗಿ. ಕಾಕುನ ತಂಗಿ ಅಂದ್ರ ಚಿಗವ್ವ. ಹಂಗಾದ್ರ ಗೌರಿ ನನಗ ಚಿಗವ್ವನೋ, ನಾದಿನಿನೋ?"

ಹುಡುಗ ಸರಿಯಾಗಿಯೇ ಹಿಡಿದಿದ್ದ. ಒಂದೇ ಹುಡುಗಿಗೆ ಎರಡು ದಾರಿ. ಅತ್ತೆಯ ಕಡೆಯಿಂದ ಬಂದರೆ ಆಕೆ ಬಸುವಿನ ಸಾಲಿನವಳು. ಸಣ್ಣ ಕಾಕಾನ ಮದುವೆಯ ಕಡೆಯಿಂದ ಬಂದರೆ ಅವ್ವನ ಸಾಲಿನವಳು. ಲೆಕ್ಕ ಎರಡೂ ಸರಿ. ಆಯಿ ತನ್ನ ಮನೆಯ ರೂಢಿ ಹೇಳಿದಳು: "ಮದುವಿ ಆಗಿ ನಮ್ಮ ಮನೀಗೆ ಬಂದಾಕಿಗೆ ಹೊಸ ಸಂಬಂಧ. ಆಕಿ ತವರಿನವರಿಗೆಲ್ಲ ಹಳೇದೇ. ಅಕ್ಕ ನಿನಗ ಕಾಕು ಆದಳು. ಗೌರಿ ನಾದಿನಿ ಆಗೇ ಉಳಿದಳು."

"ಮತ್ತ ಸಣ್ಣ ಕಾಕು ನಿನಗ ಅತ್ತಿ ಅನ್ನಬೇಕಲ್ಲ? ಆಯಿ ಅಂತಾಳ."

"ಹುಟ್ಟಿದಾಗಿಂದ ಆಯಿ ಅಂದಾಳ. ಈಗ ಅತ್ತಿ ಅಂದ್ರ ನನಗೇ ಹೊಂದಂಗಿಲ್ಲ."

ಎಲ್ಲ ಮನೆಯಲ್ಲೂ ಇದೇ ರೂಢಿ ಅಂತಲ್ಲ. ಕೆಲವರು ಇಡೀ ತವರಿನ ಕಡೆಯನ್ನೇ ಬದಲಿಸಿ ಕರೆಯುತ್ತಾರೆ. ಹಾಗಾಗಿ ಈ ಜಾಗದಲ್ಲಿ ಮಗುವಿಗೆ "ತಪ್ಪು" ಅನ್ನಬೇಡಿ. ಎರಡು ದಾರಿಯನ್ನೂ ತೋರಿಸಿ, ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೆ ಎಂದು ಹೇಳಿ.

ಸ್ವಲ್ಪ ದೊಡ್ಡ ಮಕ್ಕಳು ಇನ್ನೊಂದು ಮಾತು ಕೇಳುತ್ತಾರೆ. "ಹಾಗಾದರೆ ಅತ್ತೆ ಮಕ್ಕಳ ರಕ್ತ ಬೇರೆಯಾ?" ಇದಕ್ಕೆ ನೇರವಾಗಿ ಇಲ್ಲ ಅನ್ನಿ. ಕಾಕಾನ ಮಗಳಾಗಲಿ, ಅತ್ತೆಯ ಮಗಳಾಗಲಿ, ಇಬ್ಬರೂ ಸರಾಸರಿ ಎಂಟನೇ ಒಂದು ಪಾಲು ವಂಶವಾಹಿಗಳನ್ನು ನಮ್ಮೊಂದಿಗೆ ಹಂಚಿಕೊಂಡಿರುತ್ತಾರೆ. ಸೋದರಮಾವ ಮತ್ತು ಅಕ್ಕನ ಮಗಳಲ್ಲಿ ಅದು ನಾಲ್ಕನೇ ಒಂದು ಪಾಲು, ಇನ್ನೂ ಹತ್ತಿರ. ಇಂಥ ಮದುವೆಯಲ್ಲಿ ಕೆಲವು ಆನುವಂಶಿಕ ಕಾಯಿಲೆಗಳು ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಈ ತೊಗರಿ-ಕಡಲೆ ಭೇದ ಮಾಡುವುದಿಲ್ಲ. ಅಣ್ಣ-ತಮ್ಮಂದಿರ ಮಕ್ಕಳು, ಅಕ್ಕ-ತಂಗಿಯರ ಮಕ್ಕಳು, ಅಣ್ಣ-ತಂಗಿಯ ಮಕ್ಕಳು, ಸೋದರಮಾವ-ಸೊಸೆ, ಎಲ್ಲವನ್ನೂ ಅದು ನಿಷಿದ್ಧ ಸಂಬಂಧಗಳ ಒಂದೇ ಪಟ್ಟಿಯಲ್ಲಿ ಇಟ್ಟಿದೆ. ಇಬ್ಬರ ಕಡೆಯೂ ರೂಢಿ ಇದ್ದರೆ ಮಾತ್ರ ವಿನಾಯಿತಿ.

ಹಾಗಾದರೆ ಆಯಿಯ ಕಾಯಿ ಏನನ್ನು ತೋರಿಸುತ್ತದೆ? ಯಾರ ಮನೆಗೆ ಹೆಣ್ಣು ಕೊಟ್ಟು ತರಬಹುದು, ಯಾರ ಮನೆಗೆ ಆಗದು ಎನ್ನುವ ಹಳೆಯ ಲೆಕ್ಕವನ್ನು. ಅಪ್ಪ, ಕಾಕಾ ಒಂದೇ ಬೆಡಗಿನವರು, ಅಂದರೆ ಒಂದೇ ವಂಶದ ಕವಲಿನವರು, ಅವರ ಮಕ್ಕಳೂ ಅದೇ ಬೆಡಗು. ಅತ್ತೆ ಬೇರೆ ಬೆಡಗಿಗೆ ಹೋದವಳು, ಆಕೆಯ ಮಕ್ಕಳು ಆ ಮನೆಯವರು. ಅವ್ವನ ಅಕ್ಕ-ತಂಗಿಯರು ಯಾವ ಮನೆ ಸೇರಿದರೂ ಅವರ ಗಂಡಂದಿರನ್ನು ಕಾಕಾ, ದೊಡ್ಡಪ್ಪ ಎಂದೇ ಲೆಕ್ಕ ಹಿಡಿಯುತ್ತಾರೆ, ಅದಕ್ಕೇ ಆ ಮಕ್ಕಳೂ ಅಣ್ಣ-ತಮ್ಮ. ಈಗಿನ ಮಕ್ಕಳು ಮದುವೆಗೆ ಈ ಲೆಕ್ಕ ಬಳಸಬೇಕಿಲ್ಲ. ಆದರೆ ಹೊಲದಲ್ಲಿ ಕಡುಬು ತಂದುಕೊಟ್ಟವಳನ್ನು ಏನಂತ ಕರೆಯಬೇಕು ಎನ್ನುವುದಕ್ಕೆ ಬೇಕೇ ಬೇಕು.