ಗೂಡ್ಸ್ ವ್ಯಾಗನ್ನಿನ ಊರು

ಯುರೋಪಿನ ಯಾವುದೇ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ಹಾದುಹೋದರೆ ನನ್ನ ಕಣ್ಣು ಮೊದಲು ಹೋಗುವುದು ವ್ಯಾಗನ್ನಿನ ಬದಿಯ ಹನ್ನೆರಡು ಅಂಕಿಗಳ ಕಡೆಗೆ. ಅದರಲ್ಲೂ ಮೂರನೆಯದು, ನಾಲ್ಕನೆಯದು. ಅವು ದೇಶದ ಗುರುತು. 80 ಜರ್ಮನಿ, 81 ಆಸ್ಟ್ರಿಯಾ, 85 ಸ್ವಿಟ್ಜರ್ಲೆಂಡ್. ಸಾಮಾನ್ಯವಾಗಿ ಸಂಖ್ಯೆಯನ್ನು ಮೂರು ಸಾಲಾಗಿ ಬರೆದಿರುತ್ತಾರೆ. ಎರಡನೇ ಸಾಲಿನ ಶುರುವಿನಲ್ಲೇ ದೇಶ ಸಿಗುತ್ತದೆ. ಪಕ್ಕದಲ್ಲಿ D, A, SK ಹೀಗೆ ದೇಶದ ಅಕ್ಷರ, ಅದರ ಕೆಳಗೊಂದು ಗೆರೆ.

54 ಮತ್ತು 56 ನನಗೆ ತುಂಬಾ ಇಷ್ಟ. 54 ಮೊದಲು ಇಡೀ ಚೆಕೊಸ್ಲೊವಾಕಿಯಾದ್ದು. 1993ರಲ್ಲಿ ದೇಶ ಎರಡಾಯಿತು. 54 ಚೆಕ್‌ನವರ ಬಳಿ ಉಳಿಯಿತು, ಸ್ಲೊವಾಕಿಯಾಗೆ 56 ಬಂತು.

ಮಸಿ ಹಿಡಿದು 6 ಸರಿಯಾಗಿ ಕಾಣದಿದ್ದರೆ? ಕೊನೆಯ ಅಂಕಿ ಇರುವುದೇ ಅದಕ್ಕೆ. ಉದಾಹರಣೆಗೆ 31 56 5932 114-7 ಎಂದಿಟ್ಟುಕೊಳ್ಳಿ. ಮೊದಲ ಹನ್ನೊಂದು ಅಂಕಿಗಳನ್ನು ಕ್ರಮವಾಗಿ 2, 1, 2, 1 ಎಂದು ಗುಣಿಸಬೇಕು. 10 ಬಂದರೆ 1+0 ಎಂದು ಬಿಡಿಸಿ ಕೂಡಬೇಕು. ಮೊತ್ತ 43. ಮುಂದಿನ ಹತ್ತಕ್ಕೆ, ಅಂದರೆ 50ಕ್ಕೆ, ಬೇಕಾದದ್ದು 7. ಸರಿ ಹೋಯ್ತು. 54 ಎಂದು ಓದಿದ್ದರೆ ಮೊತ್ತ 41, ಕೊನೆಗೆ 9 ಇರಬೇಕಿತ್ತು. ಎಷ್ಟು ಚೆಂದ ಅಲ್ವಾ!

ಆದರೆ ಇದು ನೋಂದಣಿಯಾದ ದೇಶ ಮಾತ್ರ. ಸರಕು ಎಲ್ಲಿಂದ ಬಂತು ಅಂತ ಇದರಿಂದ ಗೊತ್ತಾಗುವುದಿಲ್ಲ. ನಮ್ಮ ಭಾರತದ ವ್ಯಾಗನ್ನಿಗೆ ಹನ್ನೊಂದೇ ಅಂಕಿ. ಅಲ್ಲೂ ಮೂರನೆಯದು, ನಾಲ್ಕನೆಯದು ಒಡೆತನವನ್ನೇ ಹೇಳುತ್ತವೆ. ದೇಶ ಅಲ್ಲ, ಯಾವ ರೈಲ್ವೆ ವಲಯದ್ದು ಅಂತ.