ಏಳೇ ಗ್ರಂಥಿ ನೋಡಿ ‘ಎರಡನೇ ಹಂತ’ ಅಂದರೆ ಸಾಲದು

ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಬರುವ ಪೆಥಾಲಜಿ ರಿಪೋರ್ಟಿನಲ್ಲಿ, ಹಂತಕ್ಕಿಂತ ಮೊದಲು ನಮ್ಮ ಕಣ್ಣು ಹೋಗುವುದು ಒಂದು ಸಂಖ್ಯೆಯ ಕಡೆಗೆ: ಕತ್ತರಿಸಿ ತೆಗೆದ ಕರುಳಿನ ಜೊತೆ ಬಂದ ದುಗ್ಧಗ್ರಂಥಿಗಳಲ್ಲಿ ಎಷ್ಟನ್ನು ಪರೀಕ್ಷಿಸಿದ್ದಾರೆ? ಕನಿಷ್ಠ 12 ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ‘ಗ್ರಂಥಿಗೆ ಹರಡಿಲ್ಲ’ ಎಂಬ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ.

ಒಂದು ಮಾದರಿ ಕೇಸ್ ಹಿಡಿದು ಹೇಳುತ್ತೇನೆ. 58 ವರ್ಷದ ಹೆಂಗಸು, ಸುಸ್ತು, ಹಿಮೋಗ್ಲೋಬಿನ್ 8. ಕೊಲೊನೊಸ್ಕೋಪಿಯಲ್ಲಿ ಬಲಭಾಗದ ಕರುಳಿನಲ್ಲಿ ಗಡ್ಡೆ. ಎದೆ ಮತ್ತು ಹೊಟ್ಟೆಯ ಸಿಟಿಯಲ್ಲಿ ಬೇರೆಲ್ಲೂ ಏನೂ ಕಾಣಲಿಲ್ಲ. ಬಲಭಾಗದ ಕರುಳನ್ನು ಅದರ ರಕ್ತನಾಳ, ಕೊಬ್ಬಿನ ಸಮೇತ ತೆಗೆದರು. ರಿಪೋರ್ಟ್: ಟಿ3, ಅಂದರೆ ಗಡ್ಡೆ ಕರುಳಿನ ಸ್ನಾಯುಪದರ ದಾಟಿ ಹೊರಗಿನ ಕೊಬ್ಬಿಗೆ ಇಳಿದಿದೆ. ಏಳು ಗ್ರಂಥಿ ಸಿಕ್ಕಿವೆ, ಏಳರಲ್ಲೂ ಕ್ಯಾನ್ಸರ್ ಇಲ್ಲ. ಕಾಗದದ ಮೇಲೆ ಇದು ಎರಡನೇ ಹಂತ. ಬೇರೆ ಅಪಾಯದ ಗುರುತು ಇಲ್ಲದಿದ್ದರೆ ಕೀಮೋ ಬೇಡ.

ಇಲ್ಲಿ ಸಹಿ ಹಾಕುವ ಮುಂಚೆ ಪೆಥಾಲಜಿಗೆ ಒಂದು ಫೋನ್ ಮಾಡಬೇಕು. ಸ್ಪೆಸಿಮನ್, ಅಂದರೆ ತೆಗೆದ ಕರುಳು, ಇನ್ನೂ ಡಬ್ಬಿಯಲ್ಲಿದೆಯೇ? ಇದ್ದರೆ ಅದರಲ್ಲಿ ಇನ್ನಷ್ಟು ಗ್ರಂಥಿ ಹುಡುಕಿಸಬೇಕು. ರಿಪೋರ್ಟ್ ಹೊರಬಿದ್ದ ಕೆಲವು ವಾರಗಳಲ್ಲಿ ಉಳಿದ ಮಾಂಸವನ್ನು ವಿಲೇವಾರಿ ಮಾಡಿಬಿಡುತ್ತಾರೆ. ಆಮೇಲೆ ಕೇಳಿ ಪ್ರಯೋಜನವಿಲ್ಲ.

ಗ್ರಂಥಿ ಕಡಿಮೆ ಸಿಗುವುದಕ್ಕೆ ಸರ್ಜನ್ ಕೊಬ್ಬನ್ನು ಕಡಿಮೆ ತೆಗೆದದ್ದು ಒಂದು ಕಾರಣ. ಆದರೆ ಎಷ್ಟೋ ಸಲ ತಪ್ಪು ಡಬ್ಬಿಯಲ್ಲೇ ಇರುತ್ತದೆ. ಒಂದೂವರೆ ಅಡಿ ಕರುಳನ್ನು ಚಿಕ್ಕ ಡಬ್ಬಿಗೆ ತುರುಕಿ, ಮೇಲೆ ಒಂದಿಷ್ಟು ಫಾರ್ಮಲಿನ್ ಸುರಿದಿರುತ್ತಾರೆ. ಮಾಂಸದ ಹತ್ತು ಪಟ್ಟಾದರೂ ಫಾರ್ಮಲಿನ್ ಬೇಕು, ಒಂದೆರಡು ದಿನ ಚೆನ್ನಾಗಿ ನೆನೆಯಬೇಕು. ಕೊಬ್ಬು ಸರಿಯಾಗಿ ಗಟ್ಟಿಯಾಗದಿದ್ದರೆ ಅದರೊಳಗಿನ ಗ್ರಂಥಿ ಬೆರಳಿಗೆ ಸಿಗುವುದಿಲ್ಲ. ಪೆಥಾಲಜಿಸ್ಟ್ ಕೊಬ್ಬನ್ನು ತೆಳುವಾಗಿ ಸೀಳಿ, ಬೆರಳ ನಡುವೆ ಹಿಸುಕುತ್ತಾ ಸಾಸಿವೆ, ತೊಗರಿಬೇಳೆ ಗಾತ್ರದ ಗಂಟುಗಳನ್ನು ಹುಡುಕುತ್ತಾರೆ. ಕ್ಯಾನ್ಸರ್ ಇರುವ ಗ್ರಂಥಿ ದೊಡ್ಡದೇ ಆಗಿರಬೇಕೆಂದಿಲ್ಲ. ಐದು ಮಿಲಿಮೀಟರಿಗಿಂತ ಚಿಕ್ಕವುಗಳಲ್ಲೂ ಇರುತ್ತದೆ. (ಗುದನಾಳದ ಕ್ಯಾನ್ಸರಿಗೆ ಮೊದಲೇ ರೇಡಿಯೇಷನ್ ಕೊಟ್ಟಿದ್ದರೆ ಗ್ರಂಥಿಗಳೇ ಸುಕ್ಕಿ ಹೋಗಿರುತ್ತವೆ, ಅಲ್ಲಿ 12 ಸಿಗದಿದ್ದರೆ ಯಾರ ತಪ್ಪೂ ಅಲ್ಲ.)

ಮರುಹುಡುಕಾಟದಲ್ಲಿ ಇನ್ನೂ ಒಂಬತ್ತು ಸಿಕ್ಕವು ಎಂದುಕೊಳ್ಳಿ. ಅದರಲ್ಲಿ ಒಂದರಲ್ಲಿ ಕ್ಯಾನ್ಸರ್. ಈಗ ಹದಿನಾರರಲ್ಲಿ ಒಂದು: ಮೂರನೇ ಹಂತ. ಅದೇ ರೋಗಿ, ಅದೇ ಗಡ್ಡೆ, ಆದರೆ ಈಗ ಕೀಮೋ ಬೇಕೇ ಬೇಕು. ಹುಡುಕಿಯೂ ಸಿಗದಿದ್ದರೆ, 12ಕ್ಕಿಂತ ಕಡಿಮೆ ಎಂಬುದನ್ನೇ ಅಪಾಯದ ಗುರುತೆಂದು ಲೆಕ್ಕಕ್ಕೆ ಹಿಡಿದು ಕೀಮೋ ವಿಚಾರ ಚರ್ಚಿಸುತ್ತೇವೆ. ಆಗ ಎಂಎಸ್ಐ ಪರೀಕ್ಷೆ, ಅಂದರೆ ಗಡ್ಡೆಯ ಕೋಶಗಳಲ್ಲಿ ಡಿಎನ್ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿದೆಯೇ ಎಂದು ನೋಡುವ ಪರೀಕ್ಷೆ, ಮಾಡಿಸಲೇಬೇಕು. ಎರಡನೇ ಹಂತದಲ್ಲಿ ಅದು ‘ಹೈ’ ಬಂದರೆ ಕ್ಯಾಪೆಸಿಟಬಿನ್ ಮಾತ್ರೆ ಒಂದನ್ನೇ ಕೊಡುವುದರಿಂದ ಲಾಭವಿಲ್ಲ.

ಮೂರನೇ ಹಂತದಲ್ಲೂ ಎಲ್ಲರಿಗೂ ಒಂದೇ ಅಳತೆ ಅಲ್ಲ. ಟಿ3ರವರೆಗಿನ ಗಡ್ಡೆ, ಒಂದರಿಂದ ಮೂರು ಗ್ರಂಥಿಯಲ್ಲಿ ರೋಗ ಇದ್ದರೆ ಕೇಪಾಕ್ಸ್, ಅಂದರೆ ಕ್ಯಾಪೆಸಿಟಬಿನ್ ಮಾತ್ರೆಯ ಜೊತೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಮೂರು ತಿಂಗಳು ಸಾಕು; ಮೂರು ವಾರಕ್ಕೊಂದರಂತೆ ನಾಲ್ಕು ಸೈಕಲ್. 2018ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಐಡಿಯಾ ವಿಶ್ಲೇಷಣೆಯಲ್ಲಿ ಇಂಥವರಿಗೆ ಕೇಪಾಕ್ಸ್ ಮೂರು ತಿಂಗಳು ಕೊಟ್ಟರೂ ಆರು ತಿಂಗಳು ಕೊಟ್ಟರೂ ಫಲಿತಾಂಶ ಹೆಚ್ಚುಕಡಿಮೆ ಒಂದೇ ಇತ್ತು, ಕೈಕಾಲು ಜೋಮು ಮಾತ್ರ ಮೂರು ತಿಂಗಳಿನವರಲ್ಲಿ ಬಹಳ ಕಡಿಮೆ. ಕರುಳಿನ ಹೊರಮೈಯನ್ನೇ ಸೀಳಿಕೊಂಡ ಇಲ್ಲವೇ ಪಕ್ಕದ ಅಂಗಕ್ಕೆ ನುಗ್ಗಿದ ಟಿ4 ಗಡ್ಡೆಗೆ, ಅಥವಾ ನಾಲ್ಕು ಇಲ್ಲವೇ ಅದಕ್ಕಿಂತ ಹೆಚ್ಚು ಗ್ರಂಥಿಗೆ ಹರಡಿದ್ದರೆ, ಸಾಮಾನ್ಯವಾಗಿ ಆರು ತಿಂಗಳು.

ಈ ಹೆಂಗಸಿನ ದೇಹದ ಮೇಲ್ಮೈ 1.5 ಚದರ ಮೀಟರ್ ಆದರೆ, ಮೊದಲ ದಿನ ಆಕ್ಸಾಲಿಪ್ಲಾಟಿನ್ 195 ಮಿಲಿಗ್ರಾಂ ಡ್ರಿಪ್. ಕ್ಯಾಪೆಸಿಟಬಿನ್ 500ರ ಮಾತ್ರೆ ಬೆಳಿಗ್ಗೆ ಮೂರು, ರಾತ್ರಿ ಮೂರು, ಊಟವಾದ ಅರ್ಧ ಗಂಟೆಯೊಳಗೆ. ಹದಿನಾಲ್ಕು ದಿನ ನುಂಗಿ ಏಳು ದಿನ ಬಿಡುವು. ಆ ಏಳು ದಿನದ ಬಿಡುವನ್ನು ಬರೆದುಕೊಡಿ, ಬಾಯಿಮಾತಿಗೆ ಬಿಡಬೇಡಿ. ಮಾತ್ರೆ ನಿಲ್ಲಿಸದೆ ನುಂಗುತ್ತಾ ಹೋದವರು ಬಾಯಿಹುಣ್ಣು, ಭೇದಿಯೊಂದಿಗೆ ಎಮರ್ಜೆನ್ಸಿಗೆ ಬರುತ್ತಾರೆ. ಶುರು ಮಾಡುವ ಮುಂಚೆ ಕ್ರಿಯಾಟಿನಿನ್ ನೋಡಲೇಬೇಕು, ಕಿಡ್ನಿ ಕುಂದಿದ್ದರೆ ಡೋಸ್ ಇಳಿಸಬೇಕು. ಆಪರೇಷನ್ ಆಗಿ ಎಂಟು ವಾರದೊಳಗೆ ಮೊದಲ ಡ್ರಿಪ್ ಆಗಬೇಕು, ಹಾಗಾಗಿ ಮರುಹುಡುಕಾಟಕ್ಕೆ ವಾರಗಟ್ಟಲೆ ಸಮಯವಿಲ್ಲ.

ಮುಂದಿನ ತಪಾಸಣೆಗೆ ಆಪರೇಷನ್ನಿಗೆ ಮುಂಚಿನ ಸಿಇಎ, ಅಂದರೆ ಈ ಕ್ಯಾನ್ಸರಿನಲ್ಲಿ ಏರಬಹುದಾದ ಒಂದು ಪ್ರೋಟೀನಿನ ರಕ್ತಪರೀಕ್ಷೆ, ಬೇಕು, ಅದಿಲ್ಲದೆ ನಂತರದ ಅಂಕಿಗಳನ್ನು ಹೋಲಿಸಲು ಬುಡವೇ ಇರುವುದಿಲ್ಲ. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಐದನೇ ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ. ಏರಿದರೆ ಮತ್ತೊಮ್ಮೆ ಮಾಡಿಸಿ, ಆಗಲೂ ಏರಿದ್ದರೆ ಸಿಟಿ. ಲಿವರಿನಲ್ಲಿ ಒಂದೆರಡು ಗಡ್ಡೆ ಇರುವಾಗಲೇ ಸಿಕ್ಕಿದರೆ ಕತ್ತರಿಸಿ ತೆಗೆಯಲು ಸಾಧ್ಯ. ಏರದಿದ್ದರೂ ವರ್ಷಕ್ಕೊಮ್ಮೆ ಎದೆ, ಹೊಟ್ಟೆಯ ಸಿಟಿ ಇದ್ದೇ ಇದೆ. ಕೊಲೊನೊಸ್ಕೋಪಿ ಆಪರೇಷನ್ ಆಗಿ ಒಂದು ವರ್ಷಕ್ಕೆ. ಮೊದಲ ಸಲ ಗಡ್ಡೆ ಅಡ್ಡ ಬಂದು ಸ್ಕೋಪ್ ಮುಂದೆ ಹೋಗದೆ ಇದ್ದವರಿಗೆ ಮಾತ್ರ ವರ್ಷ ಕಾಯದೆ, ಮೂರರಿಂದ ಆರು ತಿಂಗಳೊಳಗೆ.